ಹಡಗುಗಳ ಪಟ್ಟಿಯೇ ದೊಡ್ಡ ಸುಳಿವು

ಬ್ಯಾಟಲ್‌ಶಿಪ್ಸ್ ಒಗಟು ಕೈಗೆ ಸಿಕ್ಕಾಗ ಕಣ್ಣು ಮೊದಲು ಹೋಗುವುದು ಚೌಕದೊಳಗೆ ಮೊದಲೇ ಮುದ್ರಿಸಿಟ್ಟ ಒಂದೆರಡು ಹಡಗಿನ ತುಂಡುಗಳ ಕಡೆಗೆ. ಅಂಚಿನ ಅಂಕಿಗಳ ಸರದಿ ಆಮೇಲೆ. ಕೆಳಗೆ ಬರೆದಿರುವ ಹಡಗುಗಳ ಪಟ್ಟಿಯನ್ನು ನೋಡುವುದು ಎಲ್ಲ ಮುಗಿದ ಮೇಲೆ, ಲೆಕ್ಕ ತಾಳೆಯಾಯಿತೇ ಎಂದು ತಿಳಿಯಲಷ್ಟೇ. ಈ ಕ್ರಮ ತಲೆಕೆಳಗಾದದ್ದು. ಬಿಡಿಸುವವರಿಗೆ ಮಾತ್ರವಲ್ಲ, ಒಗಟು ಕಟ್ಟುವವರಿಗೂ ಇದೇ ಅಭ್ಯಾಸ ಅಂಟಿಕೊಂಡಿದೆ. ಪಟ್ಟಿ ಮಾಡಬೇಕಾದ ಕೆಲಸವನ್ನು ಚೌಕದೊಳಗಿನ ಸುಳಿವುಗಳಿಂದ ಮಾಡಿಸಿ ಅವರು ಒಗಟಿನ ಅತ್ಯುತ್ತಮ ಭಾಗವನ್ನೇ ಕಿತ್ತುಹಾಕುತ್ತಾರೆ.

ಇಬ್ಬರು ಕಾಗದದ ಮೇಲೆ ಆಡುವ ಹಡಗು ಮುಳುಗಿಸುವ ಆಟದಲ್ಲಿ ಅದೃಷ್ಟದ ಪಾಲು ದೊಡ್ಡದು. ಅದನ್ನು ಒಬ್ಬರೇ ಕೂತು ತರ್ಕದಿಂದ ಬಿಡಿಸುವ ಒಗಟಾಗಿ ಮಾಡಿದವರು ಅರ್ಜೆಂಟೀನಾದ ಹೈಮೆ ಪೊನಿಯಾಚಿಕ್. 1982ರಲ್ಲಿ ಅದು ಅಲ್ಲಿನ ಒಂದು ಪತ್ರಿಕೆಯಲ್ಲಿ ಬಂತು. ಹತ್ತು ವರ್ಷಗಳ ನಂತರ, 1992ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ಒಗಟು ಚಾಂಪಿಯನ್‌ಶಿಪ್‌ನಲ್ಲಿ ಕಾಣಿಸಿಕೊಂಡ ಮೇಲೆ ಬೇರೆ ದೇಶಗಳಿಗೂ ಹಬ್ಬಿತು.

ನಿಯಮಗಳು ಕೆಲವೇ. ಪ್ರತಿ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ಎಷ್ಟು ಮನೆಗಳಲ್ಲಿ ಹಡಗಿದೆ ಎಂಬುದು ಅಂಚಿನಲ್ಲಿರುತ್ತದೆ. ಹಡಗುಗಳು ಅಡ್ಡ ಅಥವಾ ಉದ್ದಕ್ಕೆ ನಿಲ್ಲುತ್ತವೆ. ಎರಡು ಹಡಗುಗಳು ಒಂದನ್ನೊಂದು ಮುಟ್ಟುವಂತಿಲ್ಲ, ಮೂಲೆಗೆ ಮೂಲೆ ತಾಗುವಂತೆಯೂ ಇಲ್ಲ. ಯಾವ ಅಳತೆಯ ಹಡಗು ಎಷ್ಟಿವೆ ಎಂಬ ಪಟ್ಟಿ ಕೆಳಗಿರುತ್ತದೆ.

ಒಂದು ಚಿಕ್ಕ ಒಗಟನ್ನು ಕಾಗದದ ಮೇಲೆ ಬರೆದುಕೊಂಡರೆ ಮಾತು ಸ್ಪಷ್ಟವಾಗುತ್ತದೆ. ಆರು ಅಡ್ಡಸಾಲು, ಆರು ಕಂಬಸಾಲು. ಅಡ್ಡಸಾಲುಗಳ ಅಂಕಿಗಳು ಮೇಲಿನಿಂದ ಕೆಳಕ್ಕೆ 4, 0, 4, 1, 0, 1. ಕಂಬಸಾಲುಗಳಿಗೆ ಎಡದಿಂದ ಬಲಕ್ಕೆ ಕ, ಖ, ಗ, ಘ, ಚ, ಛ ಎಂದು ಹೆಸರಿಟ್ಟರೆ ಅವುಗಳ ಅಂಕಿಗಳು 3, 1, 3, 1, 1, 1. ಪಟ್ಟಿಯಲ್ಲಿ ಮೂರು ಮನೆಯ ಹಡಗು ಒಂದು, ಎರಡು ಮನೆಯವು ಎರಡು, ಒಂದು ಮನೆಯವು ಮೂರು. ಚೌಕದೊಳಗೆ ಒಂದು ಸುಳಿವೂ ಇಲ್ಲ.

ಮೊದಲು ಮೊತ್ತ ನೋಡಬೇಕು. ಅಡ್ಡ ಕೂಡಿದರೂ ಉದ್ದ ಕೂಡಿದರೂ 10, ಪಟ್ಟಿಯ ಮೊತ್ತವೂ 10. ಈ ಮೂರರಲ್ಲಿ ಒಂದು ತಪ್ಪಿದರೂ ಅಚ್ಚಿನಲ್ಲಿ ದೋಷವಿದೆ ಎಂದರ್ಥ. ಅಂಥ ಒಗಟಿನ ಮುಂದೆ ಅರ್ಧ ಗಂಟೆ ಕಳೆಯುವುದು ವ್ಯರ್ಥ.

ಎರಡನೆಯ ಮತ್ತು ಐದನೆಯ ಸಾಲುಗಳು ಪೂರ್ತಿ ನೀರು. ಹಡಗಿಗೆ ಉಳಿದದ್ದು 1, 3, 4, 6ನೇ ಸಾಲುಗಳು ಮಾತ್ರ. ಕ ಮತ್ತು ಗ ಕಂಬಗಳಿಗೆ ಮೂರು ಮೂರು, ಅಂದರೆ ಒಟ್ಟು ಆರು ಮನೆ ಬೇಕು. ಆದರೆ 4ನೇ ಸಾಲು ಕೊಡಬಲ್ಲದ್ದು ಒಂದೇ ಮನೆ, 6ನೇ ಸಾಲೂ ಒಂದೇ. ಹಾಗಾಗಿ ಮಿಕ್ಕ ನಾಲ್ಕು 1 ಮತ್ತು 3ನೇ ಸಾಲುಗಳಿಂದಲೇ ಬರಬೇಕು. ಕ1, ಗ1, ಕ3, ಗ3 ನಾಲ್ಕೂ ಹಡಗಿನ ಮನೆಗಳೇ. ಜೊತೆಗೆ, 4ನೇ ಸಾಲಿನ ಮನೆ ಕ ಮತ್ತು ಗ ಕಂಬಗಳಲ್ಲಿ ಒಂದಕ್ಕೆ ಸೇರಿದರೆ 6ನೇ ಸಾಲಿನದು ಇನ್ನೊಂದಕ್ಕೆ.

ಈಗ ಎರಡೇ ದಾರಿ. ಗ4ರಲ್ಲಿ ಹಡಗಿದೆ ಎಂದುಕೊಂಡರೆ ಅದರ ಮೂಲೆಗೆ ತಾಗುವ ಖ3, ಘ3 ನೀರಾಗಬೇಕು. ಆಗ ಖ ಮತ್ತು ಘ ಕಂಬಗಳ ಒಂದೊಂದು ಮನೆ ಮೊದಲ ಸಾಲಿಗೆ ಹೋಗಿ, ಕ1ರಿಂದ ಘ1ರವರೆಗೆ ನಾಲ್ಕು ಮನೆಯ ಹಡಗು ಹುಟ್ಟುತ್ತದೆ. ಪಟ್ಟಿಯಲ್ಲಿ ಅಂಥದ್ದು ಇಲ್ಲವೇ ಇಲ್ಲ. ಆದ್ದರಿಂದ ಹಡಗು ಇರುವುದು ಕ4 ಮತ್ತು ಗ6ರಲ್ಲಿ.

ಕ4ರಿಂದ ಖ3 ನೀರು, ಖ1 ಹಡಗು. ಘ1ನ್ನೂ ತುಂಬಿದರೆ ಮತ್ತೆ ನಾಲ್ಕು ಮನೆಯ ಹಡಗಾಗುತ್ತದೆ, ಆದ್ದರಿಂದ ಅದು ನೀರು, ಘ3 ಹಡಗು. ಇನ್ನು ಉಳಿದದ್ದು ಚ ಮತ್ತು ಛ. ಒಂದರ ಮನೆ ಮೊದಲ ಸಾಲಿಗೆ, ಇನ್ನೊಂದರದು ಮೂರನೆಯದಕ್ಕೆ. ಚ3 ತುಂಬಿದರೆ ಗ, ಘ, ಚ ಸೇರಿ ಮೂರು ಮನೆಯ ಎರಡನೇ ಹಡಗಾಗುತ್ತದೆ. ಪಟ್ಟಿಯಲ್ಲಿರುವುದು ಒಂದೇ, ಅದು ಮೊದಲ ಸಾಲಿನಲ್ಲಿ ಆಗಲೇ ನಿಂತಿದೆ. ಹಾಗಾಗಿ ಚ1 ಮತ್ತು ಛ3. ಒಗಟು ಮುಗಿಯಿತು.

ಪಟ್ಟಿಯನ್ನು ಮರೆತು ಅಂಕಿ ಮತ್ತು ಮುಟ್ಟಬಾರದೆಂಬ ನಿಯಮವನ್ನಷ್ಟೇ ಇಟ್ಟುಕೊಂಡರೆ ಇದೇ ಒಗಟಿಗೆ ನಾಲ್ಕು ಉತ್ತರಗಳು ಬರುತ್ತವೆ. ಅವುಗಳಲ್ಲಿ ಮೂರನ್ನು ತೆಗೆದುಹಾಕಿದ್ದು ಪಟ್ಟಿ. ಲೆಕ್ಕ ತಾಳೆ ನೋಡಲೆಂದು ಕೊನೆಗೆ ಉಳಿಸಿಕೊಂಡಿದ್ದರೆ ಅದು ಈ ಕೆಲಸ ಮಾಡುತ್ತಲೇ ಇರಲಿಲ್ಲ.

ಇದೇ ಒಗಟಿನಲ್ಲಿ ಛ3ರಲ್ಲಿ ಒಂದು ದುಂಡು ಗುರುತು, ಅಂದರೆ ಒಂಟಿ ಮನೆಯ ಹಡಗು, ಸುಳಿವಾಗಿ ಮುದ್ರಿಸಿದ್ದರೆ? ಉಳಿದ ಮೂರು ಉತ್ತರಗಳೂ ಒಂದೇ ಏಟಿಗೆ ಬಿದ್ದುಹೋಗುತ್ತವೆ, ಪಟ್ಟಿಯ ಅಗತ್ಯವೇ ಇರುವುದಿಲ್ಲ. ಒಗಟು ಸರಿಯಾಗಿಯೇ ಇದೆ, ಉತ್ತರವೂ ಒಂದೇ. ಆದರೆ ನಾಲ್ಕು ಮನೆಯ ಹಡಗು ಇಲ್ಲ, ಮೂರು ಮನೆಯದು ಒಂದೇ ಎಂದು ಹೊಳೆಯುವ ಎರಡು ಘಳಿಗೆಗಳೂ ಹೋದವು. ದುಂಡು ಗುರುತು ಒಂದು ಇಡೀ ಹಡಗನ್ನು ತಟ್ಟೆಯಲ್ಲಿಟ್ಟು ಕೊಡುವುದಲ್ಲದೆ ಸುತ್ತಲಿನ ಎಲ್ಲ ಮನೆಗಳನ್ನೂ ನೀರೆಂದು ಹೇಳಿಬಿಡುತ್ತದೆ. ಸುಳಿವುಗಳಲ್ಲೆಲ್ಲ ಇದೇ ಅತಿ ಧಾರಾಳದ್ದು, ಇದನ್ನೇ ಅತಿ ಕಡಿಮೆ ಬಳಸಬೇಕು.

ಸುಳಿವೇ ಬೇಡ ಎನ್ನುವುದು ಸರಿಯಲ್ಲ. ಹತ್ತು ಮನೆ ಅಗಲ, ಹತ್ತು ಮನೆ ಉದ್ದದ ರೂಢಿಯ ಚೌಕದಲ್ಲಿ ಹತ್ತು ಹಡಗುಗಳು ಸೇರಿ ಇಪ್ಪತ್ತು ಮನೆ ತುಂಬುತ್ತವೆ. ಅಲ್ಲಿ ಅಂಕಿಗಳೂ ಪಟ್ಟಿಯೂ ಸೇರಿ ಉತ್ತರವನ್ನು ಒಂದಕ್ಕೆ ಇಳಿಸುವುದು ಕಷ್ಟ. ಸುಳಿವು ಬೇಕು, ಆದರೆ ಅದು ಯೋಚನೆಗೆ ಹಚ್ಚುವಂಥದ್ದಾಗಿರಬೇಕು. ಹಡಗಿನ ನಡುಭಾಗವನ್ನು ತೋರಿಸುವ ಚೌಕಾಕಾರದ ಗುರುತು ಅಂಥದ್ದು. ಅಡ್ಡಸಾಲಿನ ಅಂಕಿ 2 ಇರುವ ಕಡೆ ಅದು ಬಂದರೆ ಹಡಗು ಅಡ್ಡಕ್ಕೆ ನಿಲ್ಲಲು ಕನಿಷ್ಠ ಮೂರು ಮನೆ ಬೇಕು, ಇಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಹಡಗು ಉದ್ದಕ್ಕೇ ನಿಂತಿದೆ. ಅದು ಮೂರರದೋ ನಾಲ್ಕರದೋ ಎಂಬುದು ಇನ್ನೂ ಉಳಿದಿದೆ, ಅದನ್ನು ಪಟ್ಟಿ ಹೇಳಬೇಕು. ಒಂದೇ ಒಂದು ಮನೆಯನ್ನು ನೀರೆಂದು ತೋರಿಸುವ ಅಲೆಯ ಗುರುತೂ ಒಳ್ಳೆಯದೇ. ಅದು ಒಂದು ದಾರಿ ಮುಚ್ಚುತ್ತದೆ, ಯಾವ ಹಡಗನ್ನೂ ಬಿಟ್ಟುಕೊಡುವುದಿಲ್ಲ.

ಊಹೆಯಿಂದ ಬಿಡಿಸಿದರೂ ಉತ್ತರ ಅದೇ ತಾನೇ ಎಂದು ಕೆಲವರು ಕೇಳಬಹುದು. ಮೇಲಿನ ಒಗಟಿನಲ್ಲಿ ಮೊದಲೇ ಕ4ನ್ನು ಊಹಿಸಿದವರು ಕೊನೆಯವರೆಗೆ ಸಲೀಸಾಗಿ ತಲುಪಿ ಪೆನ್ಸಿಲ್ ಕೆಳಗಿಡುತ್ತಾರೆ. ಗ4 ಏಕೆ ಆಗದು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿಯೂ ಇನ್ನೊಂದು ಉತ್ತರ ಅಡಗಿದ್ದರೆ, ಅಂದರೆ ಕಟ್ಟಿದವರೇ ತಪ್ಪಿದ್ದರೆ, ಅದೂ ಅವರ ಕಣ್ಣಿಗೆ ಬೀಳುವುದಿಲ್ಲ. ಗ4ನ್ನು ಹಿಡಿದು ಎರಡು ಹೆಜ್ಜೆ ನಡೆದು ನಾಲ್ಕು ಮನೆಯ ಹಡಗಿಗೆ ಎಡವಿ ವಾಪಸು ಬಂದವರು ಮಾಡಿದ್ದು ಊಹೆಯಲ್ಲ, ತರ್ಕ. ಒಂದು ದಾರಿ ಮುಚ್ಚಿದೆ ಎಂದು ಅವರು ಸಾಧಿಸಿದ್ದಾರೆ. ಆ ದಾರಿ ಎರಡು ಹೆಜ್ಜೆಯಲ್ಲೇ ಮುಚ್ಚುವಂತೆ ನೋಡಿಕೊಳ್ಳುವುದು ಕಟ್ಟುವವರ ಕೆಲಸ. ಇಪ್ಪತ್ತು ಹೆಜ್ಜೆ ನಡೆಸಿ ಆಮೇಲೆ ಗೋಡೆ ತೋರಿಸುವ ಒಗಟಿಗೆ ಉತ್ತರ ಒಂದೇ ಇದ್ದರೂ ಅದನ್ನು ಚೆನ್ನಾಗಿ ಕಟ್ಟಿದ್ದಾರೆ ಎನ್ನಲಾಗದು.

ಕಟ್ಟುವವರು ಅಚ್ಚಿಗೆ ಕಳಿಸುವ ಮುನ್ನ ಪಟ್ಟಿಯನ್ನು ಬೆರಳಿನಿಂದ ಮುಚ್ಚಿ ತಮ್ಮ ಒಗಟನ್ನು ಒಮ್ಮೆ ಬಿಡಿಸಿ ನೋಡಲಿ. ಪಟ್ಟಿಯಿಲ್ಲದೆಯೂ ಉತ್ತರ ಒಂದೇ ಬಂದರೆ ಚೌಕದೊಳಗೆ ಒಂದು ಸುಳಿವಾದರೂ ಹೆಚ್ಚಾಗಿದೆ. ಅದನ್ನು ಅಳಿಸಿ ಮತ್ತೊಮ್ಮೆ ನೋಡಬೇಕು.