ಕೊಬ್ಬು ತೋರಿಸುವ ತೂಕದ ಮಿಷನ್ನು



ಈಗೀಗ ನಮ್ಮ ಹೊಸಪೇಟೆಯಂಥ ಊರುಗಳ ಮನೆಗಳಲ್ಲೂ ಗಾಜಿನ ಮೈಯ ತೆಳ್ಳನೆಯ ತೂಕದ ಮಿಷನ್ನು ಬಂದು ಕೂತಿದೆ. ಬೆಂಗಳೂರಿನಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟದ್ದಿರುತ್ತದೆ. ಬರಿಗಾಲಲ್ಲಿ ಹತ್ತಿ ನಿಂತರೆ ತೂಕದ ಜೊತೆಗೆ ಮೈಯಲ್ಲಿ ಕೊಬ್ಬು ನೂರಕ್ಕೆ ಎಷ್ಟು ಪಾಲು ಎಂಬುದನ್ನೂ ಹೇಳುತ್ತದೆ. ಕಂಪ್ಲಿಯ ಓದುಗರೊಬ್ಬರು ಇದರ ಬಗ್ಗೆ ಕಾಗದ ಬರೆದಿದ್ದಾರೆ. ವಯಸ್ಸು 42, ಎತ್ತರ 155 ಸೆಂಟಿಮೀಟರ್. ಒಂದು ದಿನ ಬೆಳಿಗ್ಗೆ ತೂಕ 62 ಕಿಲೋ, ಕೊಬ್ಬು ನೂರಕ್ಕೆ 36. ಅದೇ ದಿನ ಸಂಜೆ 62.8 ಕಿಲೋ, ಕೊಬ್ಬು 34. ಮರುದಿನ ಏಕಾದಶಿ. ನೀರೂ ಮುಟ್ಟದೆ ಉಪವಾಸವಿದ್ದು ದ್ವಾದಶಿಯ ಬೆಳಿಗ್ಗೆ ಹತ್ತಿದರೆ ತೂಕ 61.2ಕ್ಕೆ ಇಳಿದಿದೆ, ಕೊಬ್ಬು ಮಾತ್ರ 37! “ಉಪವಾಸ ಮಾಡಿದ್ರೂ ಕೊಬ್ಬು ಏರೇತಲ್ರೀ, ಈ ಮಿಷನ್ನು ಸುಳ್ಳು ಹೇಳ್ತೈತೋ, ನನ್ನ ಮೈಯೇ ಕೆಟ್ಟೈತೋ?” ಎಂದು ಕೇಳಿದ್ದಾರೆ. ಅಂದಿನಿಂದ ರಾತ್ರಿ ಊಟವನ್ನೂ ಬಿಟ್ಟಿದ್ದಾರಂತೆ. ಆದ್ದರಿಂದ ಇವರ ಲೆಕ್ಕವನ್ನೇ ಹಿಡಿದು ವಿಷಯ ನೋಡೋಣ.

ಮೊದಲು ತಿಳಿಯಬೇಕಾದದ್ದು, ಈ ಮಿಷನ್ನು ಕೊಬ್ಬನ್ನು ಅಳೆಯುವುದೇ ಇಲ್ಲ. ಮೇಲೆ ಕಾಣುವ ನಾಲ್ಕು ಲೋಹದ ಪಟ್ಟಿಗಳಲ್ಲಿ ಎರಡು ಕಾಲ್ಬೆರಳ ಕಡೆಗೆ, ಎರಡು ಹಿಮ್ಮಡಿಯ ಕಡೆಗೆ ಇರುತ್ತವೆ. ಅವುಗಳ ಮೂಲಕ ನಮಗೆ ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ತನ್ನು ಒಂದು ಪಾದದಿಂದ ಹತ್ತಿಸಿ ಇನ್ನೊಂದು ಪಾದದಿಂದ ಇಳಿಸುತ್ತದೆ. ದಾರಿಯಲ್ಲಿ ಆ ವಿದ್ಯುತ್ತಿಗೆ ಎಷ್ಟು ತಡೆ ಬಂತು ಎಂಬುದಷ್ಟೇ ಅದು ಅಳೆಯುವುದು. ಇಂಗ್ಲಿಷಿನವರು ಇದಕ್ಕೆ ಬಯೋಎಲೆಕ್ಟ್ರಿಕಲ್ ಇಂಪೀಡೆನ್ಸ್ ಎನ್ನುತ್ತಾರೆ. ಮಾಂಸಖಂಡದಲ್ಲಿ, ರಕ್ತದಲ್ಲಿ ಉಪ್ಪಿನಂಶದ ನೀರು ಹೆಚ್ಚು, ಅಲ್ಲಿ ವಿದ್ಯುತ್ತು ಸರಾಗ. ಕೊಬ್ಬಿನಲ್ಲಿ ನೀರು ಕಡಿಮೆ, ಅಲ್ಲಿ ತಡೆ. ಕೊಬ್ಬು ಬಿಟ್ಟು ಉಳಿದ ಮೈಯಲ್ಲಿ ನೂರಕ್ಕೆ ಸುಮಾರು 73 ಪಾಲು ನೀರು ಎಂದು ಹಿಡಿದು, ನೀವು ಮೊದಲೇ ತುಂಬಿಸಿಟ್ಟ ಎತ್ತರ, ವಯಸ್ಸು, ಹೆಣ್ಣೋ ಗಂಡೋ ಎಂಬುದನ್ನು ಸೇರಿಸಿ, ಮಿಷನ್ನು ಒಂದು ಸೂತ್ರದಲ್ಲಿ ಲೆಕ್ಕ ಹಾಕುತ್ತದೆ. ತೂಕದಿಂದ ಆ ಮೊತ್ತವನ್ನು ಕಳೆದು ಉಳಿದದ್ದೆಲ್ಲ ಕೊಬ್ಬು ಎನ್ನುತ್ತದೆ. ಅಂದರೆ ಅದು ನೋಡುವುದು ನೀರನ್ನು, ಹೇಳುವುದು ಕೊಬ್ಬನ್ನು.

ಇನ್ನೊಂದು ಸಂಗತಿ. ವಿದ್ಯುತ್ತು ಕಾಲು ಹತ್ತಿ, ಕಿಬ್ಬೊಟ್ಟೆಯ ಕೆಳಗೆ ಹಾದು, ಇನ್ನೊಂದು ಕಾಲಿಗೆ ಇಳಿದುಬಿಡುತ್ತದೆ. ನಮ್ಮ ತುಂಗಭದ್ರಾ ಕಾಲುವೆಯನ್ನು ನೆನೆಯಿರಿ. ಉದ್ದಕ್ಕೆ, ಕಿರಿದಾಗಿ ಹರಿಯುವ ಕಾಲುವೆಯಲ್ಲಿ ನೀರಿಗೆ ತಡೆ ಹೆಚ್ಚು, ಅಗಲವಾದ ಜಲಾಶಯದಲ್ಲಿ ತಡೆಯೇ ಇಲ್ಲ. ಕಾಲುಗಳು ಕಾಲುವೆ, ಸೊಂಟ ಹೊಟ್ಟೆಯ ಭಾಗ ಜಲಾಶಯ. ಆದ್ದರಿಂದ ಮಿಷನ್ನಿಗೆ ಸಿಗುವ ತಡೆಯೆಲ್ಲ ಹೆಚ್ಚುಕಡಿಮೆ ಕಾಲಿನದೇ. ಹೊಟ್ಟೆ, ಎದೆ, ತೋಳು, ಇವೆಲ್ಲ ಸೂತ್ರದ ಊಹೆ.

ಈಗ ಕಂಪ್ಲಿಯ ಸೋದರಿಯ ಸಂಜೆಯ ಲೆಕ್ಕ ನೋಡಿ. ಬೆಳಿಗ್ಗೆ 62 ಕಿಲೋದಲ್ಲಿ ನೂರಕ್ಕೆ 36 ಅಂದರೆ 22.3 ಕಿಲೋ ಕೊಬ್ಬು. ಸಂಜೆ 62.8 ಕಿಲೋದಲ್ಲಿ ನೂರಕ್ಕೆ 34 ಅಂದರೆ 21.4 ಕಿಲೋ. ಹನ್ನೆರಡು ತಾಸಿನಲ್ಲಿ ಒಂದು ಕಿಲೋದಷ್ಟು ಕೊಬ್ಬು ಮಾಯ! ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. ಅದು ಒಬ್ಬ ಗೃಹಿಣಿಯ ನಾಲ್ಕು ದಿನದ ಪೂರಾ ಊಟದಷ್ಟು. ರೊಟ್ಟಿ ಬಡಿದು, ಬಟ್ಟೆ ಒಗೆದು, ಮೂರು ಹೊತ್ತೂ ಉಂಡ ದಿನ ಅಷ್ಟು ಕರಗುವುದುಂಟೇ? ನಡೆದದ್ದು ಬೇರೆ. ರಾತ್ರಿ ಮಲಗಿದ್ದಾಗ ಮೈಯೆಲ್ಲ ಸಮನಾಗಿ ಹರಡಿದ್ದ ನೀರು, ದಿನವಿಡೀ ಒಲೆಯ ಮುಂದೆ ನಿಂತದ್ದರಿಂದ ಕಾಲಿಗೆ ಇಳಿದಿದೆ. ಕಾಲಲ್ಲಿ ನೀರು ಹೆಚ್ಚಿತು, ತಡೆ ತಗ್ಗಿತು, ಮಿಷನ್ನು “ಮಾಂಸಖಂಡ ಹೆಚ್ಚು, ಕೊಬ್ಬು ಕಡಿಮೆ” ಎಂದಿತು.

ಏಕಾದಶಿಯದು ಇದರ ತಿರುಗುಮುರುಗು. ನೀರು ಕುಡಿಯದೆ ಇದ್ದದ್ದರಿಂದ ಮೈಯ ನೀರು ತಗ್ಗಿ ತಡೆ ಏರಿದೆ. ತೂಕದಲ್ಲಿ ಇಳಿದ 800 ಗ್ರಾಂ ಹೆಚ್ಚಿನಂಶ ನೀರು. 61.2ರಲ್ಲಿ ನೂರಕ್ಕೆ 37 ಎಂದರೆ 22.6 ಕಿಲೋ. ಉಪವಾಸದಿಂದ ಕೊಬ್ಬು ಬೆಳೆಯುವುದಿಲ್ಲ ತಾಯೀ, ಮೈ ಒಣಗಿದೆ ಅಷ್ಟೆ. ಆ ಬೇಸರಕ್ಕೆ ರಾತ್ರಿ ಊಟ ಬಿಟ್ಟದ್ದು ಯಾವ ನ್ಯಾಯ?

ಇದರ ಜೊತೆಗೆ ಒಂದು ವಿಚಿತ್ರ. ಹತ್ತುವ ಮುಂಚೆ ಎರಡು ದೊಡ್ಡ ಲೋಟ ಮಜ್ಜಿಗೆ ಕುಡಿದರೆ ಕೊಬ್ಬು ಕಡಿಮೆ ತೋರಬೇಕಲ್ಲವೇ, ನೀರು ಹೆಚ್ಚಿತಲ್ಲ? ಹಾಗಾಗುವುದಿಲ್ಲ. ಆ ಮಜ್ಜಿಗೆ ಇನ್ನೂ ಹೊಟ್ಟೆಯಲ್ಲಿದೆ, ಕಾಲಿನ ತಡೆ ಬದಲಾಗಿಲ್ಲ, ತೂಕ ಮಾತ್ರ ಅರ್ಧ ಕಿಲೋ ಏರಿದೆ. ಮಿಷನ್ನು ಅದರ ಬಹುಪಾಲನ್ನು ಕೊಬ್ಬಿನ ಖಾತೆಗೇ ಬರೆಯುತ್ತದೆ. ಜರಿಯ ರೇಷ್ಮೆ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಹತ್ತಿದರೂ ಇದೇ ಕಥೆ.

ಇನ್ನು ಪಾದದ ವಿಚಾರ. ಗದ್ದೆಯ ಕೆಸರಲ್ಲಿ, ಸಂಡೂರಿನ ಕೆಂಪು ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿದವರ ಹಿಮ್ಮಡಿ ದಪ್ಪಗಾಗಿ ಒಡೆದಿರುತ್ತದೆ. ಒಣ ದಪ್ಪ ಚರ್ಮದಲ್ಲಿ ವಿದ್ಯುತ್ತು ಸರಿಯಾಗಿ ದಾಟದು. ಕೆಲವು ಸಲ ಮಿಷನ್ನು ಅಂಕಿಯನ್ನೇ ಕೊಡುವುದಿಲ್ಲ, ಕೊಟ್ಟರೂ ಕೊಬ್ಬು ಹೆಚ್ಚು ತೋರುವುದುಂಟು. ಒಡಕಿಗೆ ಎಣ್ಣೆ, ವ್ಯಾಸಲೀನು ಹಚ್ಚಿದ್ದರೆ ಅದೂ ಅಡ್ಡಿಯೇ. ಪಾದ ತೊಳೆದು, ಒರೆಸಿ, ತುಸು ಹಸಿ ಇರುವಾಗಲೇ ಹತ್ತಬೇಕು. ಸಂಡೂರಿನ ಗುಡ್ಡದ ಚಳಿಗಾಲದ ಬೆಳಗು, ತಣ್ಣಗೆ ಕೊರೆಯುವ ಪಾದ ಇದ್ದರೂ ತಡೆ ಏರುತ್ತದೆ. ಹಂಪಿಗೆ ಹೋಗಿ ವಿರೂಪಾಕ್ಷನ ಗುಡಿಯಿಂದ ವಿಠ್ಠಲನ ಗುಡಿಯವರೆಗೆ ಬಿಸಿಲಲ್ಲಿ ನಡೆದು ಬಂದ ಸಂಜೆ ಇದರ ವಿರುದ್ಧ: ಚರ್ಮ ಬಿಸಿಯಾಗಿದೆ, ಬೆವೆತಿದೆ, ರಕ್ತ ಚರ್ಮದತ್ತ ಹರಿದಿದೆ. ಕೊಬ್ಬು ಕಡಿಮೆ ತೋರಿತೆಂದು ಹಿಗ್ಗಬೇಡಿ. ಹೇಳಲು ಸಂಕೋಚ, ಆದರೂ ಹೇಳಬೇಕು: ನಿಂತಾಗ ತೊಡೆಗಳು ಒಂದಕ್ಕೊಂದು ತಾಗಿದ್ದರೆ ವಿದ್ಯುತ್ತಿಗೆ ಅಲ್ಲೇ ಅಡ್ಡದಾರಿ ಸಿಗುತ್ತದೆ, ಆಗಲೂ ಅಂಕಿ ತಗ್ಗುತ್ತದೆ. ನಡುವೆ ಲಂಗದ ಬಟ್ಟೆ ಸೇರಿಸಿ ನಿಂತರಾಯಿತು.

ಒಂದೇ ಮಿಷನ್ನನ್ನು ಮನೆಮಂದಿಯೆಲ್ಲ ಹತ್ತುವಲ್ಲಿ ಇನ್ನೊಂದು ಗೊಂದಲ. ಎಷ್ಟೋ ಮಿಷನ್ನುಗಳು ನಿಂತವರು ಯಾರೆಂದು ಗುರುತಿಸುವುದು ತೂಕದಿಂದ. ಹೆಂಡತಿ 62, ಗಂಡ 64 ಇದ್ದರೆ ಹೆಂಡತಿಯನ್ನು ಗಂಡನೆಂದು ತಿಳಿದು ಗಂಡಸಿನ ಸೂತ್ರ ಹಾಕಿಬಿಡುತ್ತದೆ. ಕೊಬ್ಬು ಒಮ್ಮೆಲೇ ಹತ್ತಿರ ಹತ್ತಿರ ಹತ್ತು ಅಂಶ ಇಳಿದರೆ ಮೊದಲು ಮೊಬೈಲಿನಲ್ಲಿ ಯಾರ ಹೆಸರಿನಲ್ಲಿ ಬರೆದಿದೆ ನೋಡಿ. ವಯಸ್ಸನ್ನು ಹತ್ತು ವರ್ಷ ಕಡಿಮೆ ಬರೆದವರಿಗೂ ಕೊಬ್ಬು ಕಡಿಮೆ ಬರುತ್ತದೆ. ವಯಸ್ಸು ಮುಚ್ಚಿಡುವ ನಮ್ಮ ಹಳೆಯ ಅಭ್ಯಾಸಕ್ಕೆ ಇಲ್ಲೂ ಒಂದು ಬಹುಮಾನ!

ಹಾಗಾದರೆ ಎಷ್ಟು ನಂಬಬಹುದು? ದೊಡ್ಡ ಆಸ್ಪತ್ರೆಗಳಲ್ಲಿ ಡೆಕ್ಸಾ ಎಂಬ ಎಕ್ಸ್‌ರೇ ಪರೀಕ್ಷೆಯಿದೆ, ಅದು ಹೆಚ್ಚು ನಿಖರ. ಅದಕ್ಕೆ ಹೋಲಿಸಿದರೆ ಮನೆಯ ಮಿಷನ್ನು ನೂರು ಜನರ ಸರಾಸರಿಯನ್ನು ಹತ್ತಿರಹತ್ತಿರ ಹೇಳೀತು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ನಾಲ್ಕೈದು ಅಂಶ ಹೆಚ್ಚುಕಮ್ಮಿ ಆಗುವುದು ಸಾಮಾನ್ಯ. ಅದು 36 ಎಂದರೆ ನಿಜ 31 ಇರಬಹುದು, 41 ಇರಬಹುದು. ಸೂತ್ರವನ್ನು ಯಾವ ಜನರ ಮೈ ನೋಡಿ ಕಟ್ಟಿದರು ಎಂಬುದೂ ಮುಖ್ಯ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಇಬ್ಬರೂ ಕೂಡಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಬರೆದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, 22.3. ಕೊಬ್ಬು ನೋಡಿದರೆ ಯುಡ್ಕಿನ್ ಅವರದು ನೂರಕ್ಕೆ 9.1, ನಮ್ಮ ಯಾಜ್ಞಿಕ್ ಅವರದು 21.2! ನಮ್ಮ ಜನ ಸಣ್ಣ ಕಾಣುತ್ತಲೇ ಹೊಟ್ಟೆಯೊಳಗೆ ಕೊಬ್ಬು ಕೂಡಿಡುತ್ತಾರೆ. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಅದೇ ಕೊಬ್ಬು. ಕಾಲು ಸಣ್ಣ, ಹೊಟ್ಟೆ ಮುಂದೆ ಇರುವವರಿಗೆ ಕಾಲನ್ನಷ್ಟೇ ವಿಚಾರಿಸುವ ಮಿಷನ್ನು ಒಳ್ಳೆಯ ಅಂಕಿ ಕೊಟ್ಟು ಕಳಿಸಬಹುದು. ಅದಕ್ಕಿಂತ ದರ್ಜಿಯ ಟೇಪು ವಾಸಿ. ಉಸಿರು ಬಿಟ್ಟು, ಕೆಳಗಿನ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಸುತ್ತಳತೆ ತೆಗೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಸಕ್ಕರೆ, ರಕ್ತದೊತ್ತಡ ನೋಡಿಸುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ಮಾತು. ಮೂತ್ರಪಿಂಡ, ಹೃದಯ, ಯಕೃತ್ತಿನ ತೊಂದರೆಯಿಂದ ಕಾಲಲ್ಲಿ ನೀರು ತುಂಬಿ ಬಾತಾಗಲೂ ಮಿಷನ್ನು “ಕೊಬ್ಬು ಇಳಿಯಿತು” ಎಂದೇ ಹೇಳುತ್ತದೆ. ತೂಕ ಏರುತ್ತಿದೆ, ಕೊಬ್ಬಿನ ಅಂಕಿ ಇಳಿಯುತ್ತಿದೆ, ಕಾಲುಂಗುರ ಬಿಗಿಯಾಗಿದೆ ಎಂದರೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಕೆಲವು ಕ್ಷಣ ಒತ್ತಿ ನೋಡಿ. ಗುಳಿ ಬಿದ್ದು ಹಾಗೇ ಉಳಿದರೆ ಅದು ನೀರು. ಡಾಕ್ಟರಲ್ಲಿಗೆ ಹೋಗಿ. ಮುಟ್ಟಿನ ಮುಂಚಿನ ದಿನಗಳಲ್ಲೂ ಕೆಲವರಿಗೆ ಸ್ವಲ್ಪ ನೀರು ನಿಲ್ಲುತ್ತದೆ, ಅದು ತಾನೇ ಇಳಿಯುತ್ತದೆ.

ಕಂಪ್ಲಿಯ ಸೋದರಿಗೆ ನನ್ನ ಉತ್ತರ ಇಷ್ಟು. ರಾತ್ರಿಯ ಊಟ ಇಂದೇ ಶುರು ಮಾಡಿ. ಮಿಷನ್ನನ್ನು ಎಸೆಯಬೇಕಿಲ್ಲ. ವಾರಕ್ಕೊಮ್ಮೆ, ಅದೇ ವಾರ, ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಕಾಫಿ ಕುಡಿಯುವ ಮುಂಚೆ, ಹತ್ತಿಪ್ಪತ್ತು ನಿಮಿಷ ಓಡಾಡಿದ ಮೇಲೆ, ಹಗುರ ಬಟ್ಟೆಯಲ್ಲಿ ಹತ್ತಿ. ಉಪವಾಸದ ಮರುದಿನ, ಜ್ವರ ಭೇದಿ ಆದಾಗ, ಮದುವೆ ಊಟದ ಮರುದಿನ ಬೇಡ. ಕಡಪ ಕಲ್ಲಿನ ನೆಲದಲ್ಲಿ ಮಿಷನ್ನು ಅಲ್ಲಾಡದ ಜಾಗ ಹುಡುಕಿ, ಪ್ರತಿಸಲ ಅಲ್ಲೇ ಇಡಿ. ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ, ಪಕ್ಕದಲ್ಲೇ ಸುತ್ತಳತೆಯನ್ನೂ ಬರೆಯಿರಿ. ಒಂದೆರಡು ಅಂಶದ ಏರಿಳಿತಕ್ಕೆ ಬೆಲೆ ಕೊಡಬೇಡಿ. ಎರಡು ಮೂರು ತಿಂಗಳು ಒಂದೇ ದಿಕ್ಕಿನಲ್ಲಿ ಸಾಗಿ, ಟೇಪೂ ಅದನ್ನೇ ಹೇಳಿದರೆ ಆಗ ನಂಬಿ. ಅಕ್ಕನ ಮನೆಯ ಮಿಷನ್ನಿನ ಅಂಕಿಯನ್ನು ನಿಮ್ಮದರ ಜೊತೆ ಹೋಲಿಸಬೇಡಿ, ಕಂಪನಿಗೊಂದು ಸೂತ್ರವಿರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಇದರ ಮೇಲೆ ನಿಲ್ಲಿಸಲೇಬೇಡಿ. ಬಸುರಿ ಮಗಳಿಗೂ ತೂಕ ನೋಡಲು ಹಳೆಯ ಮುಳ್ಳಿನ ಮಿಷನ್ನೇ ಸಾಕು.