ಗೆರೆ ಲಾಕ್ ಆದ್ರೆ ಬಾಟಲಿ ಲಾಕ್ ಆಯ್ತಾ?

1/6
ನಿಮ್ಮ ಫೀಡಲ್ಲೂ ಈ ಥರದ ರೀಲ್ ಬಂದಿರುತ್ತೆ: "ಒಂದೇ ಫೋಟೋ ಕೊಡಿ, ಐವತ್ತು ಸೀನ್ ತಗೊಳ್ಳಿ. ಎಡ್ಜ್ ಮ್ಯಾಪ್ ಹಾಕಿದ್ರೆ ಪ್ರಾಡಕ್ಟ್ ಲಾಕ್, ಒಂಚೂರೂ ಬದಲಾಗಲ್ಲ." ಇದರಲ್ಲಿ ಅರ್ಧ ನಿಜ, ಅರ್ಧ ಬುರುಡೆ. ಆ ಬುರುಡೆ ಭಾಗ ನಂಬ್ಕೊಂಡು ನಮ್ಮ ಕ್ಲಾಸಲ್ಲೇ ಮೂರ್ನಾಲ್ಕು ಜನ ಪಾರ್ಟ್‌ಟೈಮ್ ಆಗಿ ಅಂಗಡಿಗಳಿಗೆ ಫೋಟೋ ಮಾಡಿ ಕೊಡ್ತಿದ್ದಾರೆ. ಅವರಿಗೂ, ಅವರಿಂದ ಫೋಟೋ ಮಾಡಿಸ್ಕೊಳ್ಳೋರಿಗೂ ಈ ಆರು ಪೋಸ್ಟ್.

ನನ್ನ ವಾದ ಇಷ್ಟೇ: ಎಡ್ಜ್ ಮ್ಯಾಪ್ ಲಾಕ್ ಮಾಡೋದು ವಸ್ತುವಿನ ಗೆರೆಯನ್ನ, ವಸ್ತುವನ್ನಲ್ಲ. ಗೆರೆಯೊಳಗೆ ಏನು ತುಂಬಬೇಕು ಅನ್ನೋದನ್ನ ಮಾಡೆಲ್ ತಾನೇ ಊಹೆ ಮಾಡುತ್ತೆ. ಊಹೆ ಮಾಡಿದ್ದನ್ನ "ನಮ್ಮ ಪ್ರಾಡಕ್ಟ್ ಫೋಟೋ" ಅಂತ ಹಾಕಿ ದುಡ್ಡು ತಗೊಂಡ್ರೆ ಅದು ಫೋಟೋ ಅಲ್ಲ, ಸುಳ್ಳು.

ಉದಾಹರಣೆಗೆ ನಮ್ಮ ದೊಡ್ಡಮ್ಮ ಮಾರೋ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ತಗೊಳ್ಳೋಣ. 300 ಗ್ರಾಂ ಗಾಜಿನ ಬಾಟಲಿ, ಕೆಂಪು ಮುಚ್ಚಳ, ಮುಂದೆ ಕನ್ನಡದ ಲೇಬಲ್. ದೊಡ್ಡಮ್ಮನಿಗೆ ಬೇಕಾಗಿದ್ದು ಒಂದೇ: ಮಳೆ ಬರ್ತಿರೋ ಮಲೆನಾಡಿನ ಜಗಲಿಯಲ್ಲಿ ಆ ಬಾಟಲಿ.

2/6
ಮೊದಲು ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ಬರೀ ಪ್ರಾಂಪ್ಟ್ ಕೊಟ್ರೆ ಸ್ಟೇಬಲ್ ಡಿಫ್ಯೂಷನ್ ಪ್ರತಿ ಸಲ ಬೇರೆ ಬಾಟಲಿ ಬಿಡಿಸುತ್ತೆ. 2023ರಲ್ಲಿ ಲ್ವ್ಮಿನ್ ಜಾಂಗ್ ಮತ್ತು ಅವರ ಜೊತೆಗಾರರು ಕಂಟ್ರೋಲ್‌ನೆಟ್ ತಂದ್ರು. ಮೂಲ ಮಾಡೆಲ್ ಅನ್ನ ಹಾಗೇ ಬಿಟ್ಟು, ಅದರ ಅರ್ಧ ಭಾಗದ ಒಂದು ನಕಲು ಮಾಡಿ, ಆ ನಕಲಿಗೆ ಗೆರೆಚಿತ್ರ ಓದೋದನ್ನ ಕಲಿಸಿದ್ರು. ಈಗ ಪ್ರಾಂಪ್ಟ್ "ಏನು" ಅಂತ ಹೇಳುತ್ತೆ, ಮ್ಯಾಪ್ "ಎಲ್ಲಿ" ಅಂತ ಹೇಳುತ್ತೆ.

ಮ್ಯಾಪಲ್ಲಿ ಮುಖ್ಯವಾಗಿ ಎರಡು ಜಾತಿ. ಕ್ಯಾನಿ ಅನ್ನೋದು ಫೋಟೋದಲ್ಲಿ ಬೆಳಕು ಥಟ್ ಅಂತ ಬದಲಾಗೋ ಜಾಗವನ್ನೆಲ್ಲ ಕಪ್ಪು ಹಾಳೆ ಮೇಲೆ ಬಿಳಿ ಗೆರೆ ಮಾಡುತ್ತೆ. ಡೆಪ್ತ್ ಮ್ಯಾಪ್ ಹತ್ತಿರ ಇರೋದನ್ನ ಬಿಳಿ, ದೂರ ಇರೋದನ್ನ ಕಪ್ಪು ಮಾಡುತ್ತೆ. ಅಂದ್ರೆ ಒಂದು ಅಂಚು ನೋಡುತ್ತೆ, ಇನ್ನೊಂದು ದೂರ ನೋಡುತ್ತೆ.

ನಮ್ಮ ಬಾಟಲಿಗೆ ಡೆಪ್ತ್ ಒಂದೇ ಸಾಲಲ್ಲ. ಲೇಬಲ್ ಬಾಟಲಿಗೆ ಅಂಟಿಕೊಂಡಿರೋದು, ಅದಕ್ಕೆ ಬೇರೆ ದೂರ ಅನ್ನೋದೇ ಇಲ್ಲ. ಹಾಗಾಗಿ ಡೆಪ್ತ್ ಮ್ಯಾಪಲ್ಲಿ ಲೇಬಲ್ ಮಾಯ. ಗಾಜಿನ ಕಥೆ ಇನ್ನೂ ಕಷ್ಟ: ಖಾಲಿ ಗಾಜಿದ್ರೆ ಅದು ಗಾಜಿನ ದೂರ ಬಿಟ್ಟು ಹಿಂದಿನ ಗೋಡೆಯ ದೂರ ಅಳೆದುಬಿಡಬಹುದು. ಉಪ್ಪಿನಕಾಯಿ ತುಂಬಿರೋದ್ರಿಂದ ಬಾಟಲಿಯ ಹೊಟ್ಟೆ ಸರಿ ಬರುತ್ತೆ, ಮೇಲಿನ ಖಾಲಿ ಕುತ್ತಿಗೆ ಕೈಕೊಡುತ್ತೆ. ಅದಕ್ಕೇ ಇಲ್ಲಿ ಕ್ಯಾನಿ ಆರಿಸ್ಕೋಬೇಕು.

3/6
ಈಗ ಕೆಲಸ. ಫೋಟೋ ತೆಗೆಯುವಾಗ ಬಾಟಲಿಯನ್ನ ಕಿಟಕಿಯ ಪಕ್ಕ ಇಡಿ, ಬೆಳಕು ಎಡಗಡೆಯಿಂದ ಬರಲಿ, ಹಿಂದೆ ಸಾದಾ ಬಿಳಿ ಚಾರ್ಟ್ ಇರಲಿ. ಚಿತ್ರವನ್ನ 512 × 512ಕ್ಕೆ ತನ್ನಿ. ಕಂಫಿಯುಐ ಬಳಸೋರಿಗೆ ಸೆಟ್ಟಿಂಗ್ ಹೀಗಿದ್ರೆ ಶುರು ಮಾಡಬಹುದು:

```
model: control_v11p_sd15_canny
low_threshold: 0.4
high_threshold: 0.8
strength: 0.9
end_percent: 0.8
prompt: glass pickle jar on old wooden bench,
Malnad veranda, rain outside, window light from left
```

ಮ್ಯಾಪ್ ಬಂದ ತಕ್ಷಣ ಮುಂದಿನ ಬಟನ್ ಒತ್ತಬೇಡಿ ಗುರು. ಝೂಮ್ ಮಾಡಿ ನೋಡಿ. ಗಾಜಿನ ಮೇಲೆ ಕಿಟಕಿಯ ಪ್ರತಿಬಿಂಬ ಬಿದ್ದಿದ್ರೆ ಅದೂ ಗೆರೆಯಾಗಿರುತ್ತೆ. ಅದು ಪ್ರತಿಬಿಂಬ ಅಂತ ಮಾಡೆಲ್‌ಗೆ ಗೊತ್ತಿಲ್ಲ, ಅದಕ್ಕೆ ಅದೂ ಬಾಟಲಿಯ ಭಾಗವೇ. ಕೊನೆಗೆ ಬಾಟಲಿ ಮೇಲೆ ಬಿರುಕೋ, ಕೆತ್ತನೆಯೋ ಬಂದು ಕೂರುತ್ತೆ. ಚಾರ್ಟಿನ ಮಡಿಕೆಯೂ ಗೆರೆಯಾಗಿದ್ರೆ ಜಗಲಿಯ ಮಧ್ಯೆ ಅದೇ ಜಾಗದಲ್ಲಿ ಒಂದು ಅಡ್ಡಗೋಡೆ ಏಳುತ್ತೆ. ಯಾವುದಾದ್ರೂ ಪೇಂಟ್ ಆ್ಯಪಲ್ಲಿ ಕಪ್ಪು ಬ್ರಷ್ ತಗೊಂಡು ಬಾಟಲಿಯದ್ದಲ್ಲದ ಗೆರೆಗಳನ್ನ ಅಳಿಸಿ. ಹೊರಗಿನ ಅಂಚು ಎಲ್ಲಾದ್ರೂ ತುಂಡಾಗಿದ್ರೆ ಬಿಳಿ ಬ್ರಷ್‌ನಲ್ಲಿ ಸೇರಿಸಿ. ಐದು ನಿಮಿಷದ ಕೆಲಸ. ಯಾವ ರೀಲಲ್ಲೂ ಇದನ್ನ ತೋರಿಸಲ್ಲ, ಯಾಕಂದ್ರೆ ಇದು ಮ್ಯಾಜಿಕ್ ಥರ ಕಾಣಲ್ಲ.

4/6
ಇಲ್ಲೊಂದು ವಿಷಯ ತಿಳ್ಕೊಳ್ಳಿ. ಮ್ಯಾಪಲ್ಲಿ ಕಪ್ಪು ಜಾಗ ಅಂದ್ರೆ "ಇಲ್ಲಿ ಏನು ಬೇಕಾದ್ರೂ ಬಿಡಿಸು" ಅಂತ ಅರ್ಥ ಅಲ್ಲ. "ಇಲ್ಲಿ ಅಂಚು ಇಲ್ಲ" ಅಂತ ಅರ್ಥ. ಮಾಡೆಲ್ ಕಲಿತಿರೋದೇ ಹಾಗೆ. ಅದಕ್ಕೇ strength ಅನ್ನ 1ರ ಮೇಲೆ ತಗೊಂಡು ಹೋದಷ್ಟೂ ಬಾಟಲಿ ಗಟ್ಟಿ ನಿಲ್ಲುತ್ತೆ, ಹಿಂದಿನ ಜಗಲಿ ಮಾತ್ರ ಬೋಳಾಗ್ತಾ ಹೋಗುತ್ತೆ. ಮಳೆ ಇಲ್ಲ, ಕಂಬ ಇಲ್ಲ, ಬರೀ ಮಸುಕು. "ಪ್ರಾಂಪ್ಟ್ ಸರಿಯಿಲ್ಲ" ಅಂತ ಜನ ಇನ್ನೂ ನಾಲ್ಕು ವಿಶೇಷಣ ಸೇರಿಸ್ತಾರೆ. ತಪ್ಪಿರೋದು ಪ್ರಾಂಪ್ಟಲ್ಲಿ ಅಲ್ಲ, ಲಾಕನ್ನ ಬಿಗಿ ಮಾಡಿದ್ದು ಜಾಸ್ತಿಯಾಗಿದೆ. ಸ್ವಲ್ಪ ಇಳಿಸಿ, ಕೊನೆಯ ಕೆಲವು ಹಂತಗಳಲ್ಲಿ ಬಿಟ್ಟುಬಿಡಿ. ಮೇಲಿನ 0.9, 0.8 ಅದಕ್ಕೇ. ಆಕಾರ ಮೊದಲ ಹಂತಗಳಲ್ಲೇ ಕೂತಿರುತ್ತೆ.

ಡೆಪ್ತ್‌ನಲ್ಲೂ ಇದೇ ಜಾತಿಯ ಎಡವಟ್ಟು ಇದೆ. ಬಾಟಲಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಪ್ಪು ಮಾಡಿದ್ರೆ "ಎಲ್ಲಾ ದೂರ ಇದೆ" ಅಂತ ಹೇಳಿದ ಹಾಗೆ. ಆಗ ಬೆಂಚೂ ಇರಲ್ಲ, ಬಾಟಲಿ ಗಾಳಿಯಲ್ಲಿ ತೇಲುತ್ತೆ. ಡೆಪ್ತ್ ಬಳಸೋದಾದ್ರೆ ಕೆಳಗಿನ ಮೇಜಿನ ಭಾಗ ಅಳಿಸಬೇಡಿ.

ಇನ್ನೊಂದು: ಮ್ಯಾಪಿಗೆ ಬೆಳಕಿನ ದಿಕ್ಕು ಗೊತ್ತಿಲ್ಲ, ಆದ್ರೆ ಕ್ಯಾಮೆರಾದ ಕೋನ ಅದರಲ್ಲೇ ಕೂತಿದೆ. ಎದುರಿನಿಂದ ತೆಗೆದ ಬಾಟಲಿಗೆ "ಮೇಲಿಂದ ನೋಡಿದ ನೋಟ" ಅಂತ ಪ್ರಾಂಪ್ಟ್ ಕೊಟ್ರೆ ಬೆಂಚು ಒಂದು ಕಡೆ, ಬಾಟಲಿ ಇನ್ನೊಂದು ಕಡೆ ವಾಲುತ್ತೆ. ಸೀನ್ ಬದಲಾಯಿಸಬಹುದು, ಕೋನ ಬದಲಾಯಿಸಬೇಕು ಅಂದ್ರೆ ಹೊಸ ಫೋಟೋನೇ ತೆಗೀಬೇಕು.

5/6
ಇಷ್ಟೆಲ್ಲ ಸರಿ ಮಾಡಿದ್ರೆ ಜಗಲಿ ಬಂತು, ಮಳೆ ಬಂತು, ಬಾಟಲಿ ಅದೇ ಆಕಾರದಲ್ಲಿ ನಿಂತಿದೆ. ರೀಲ್ ಇಲ್ಲಿಗೆ ಮುಗಿಯುತ್ತೆ. ನಮ್ಮ ಜಗಳ ಇಲ್ಲಿಂದ ಶುರು.

ಲೇಬಲ್ ಓದಿ ನೋಡಿ. ಕನ್ನಡದ ಥರ ಕಾಣೋ, ಕನ್ನಡ ಅಲ್ಲದ ಸುರುಳಿಗಳು ಇರುತ್ತವೆ. ಕಾರಣ ಲೆಕ್ಕದಲ್ಲೇ ಇದೆ. ಈ ಮಾಡೆಲ್ ಚಿತ್ರವನ್ನ ಎಂಟು ಪಟ್ಟು ಕುಗ್ಗಿಸಿ ಒಳಗೆ ಕೆಲಸ ಮಾಡುತ್ತೆ, ಅಂದ್ರೆ 512 ಇದ್ದದ್ದು 64. ಲೇಬಲ್ ಮೇಲಿನ ಒಂದು ಸಾಲು 16 ಪಿಕ್ಸೆಲ್ ಎತ್ತರ ಇದ್ರೆ ಒಳಗೆ ಅದಕ್ಕೆ ಸಿಗೋದು ಎರಡೇ ಮನೆ. ಎರಡು ಮನೆಯಲ್ಲಿ ಒತ್ತಕ್ಷರ ಎಲ್ಲಿಂದ ಹಿಡಿಸುತ್ತೆ? 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಅಂತೂ ಕಸ. ಅಂಚಿನ ಗೆರೆ ಎಷ್ಟೇ ಚೆನ್ನಾಗಿ ಕೊಟ್ರೂ ಇಷ್ಟು ಸಣ್ಣ ಅಕ್ಷರ ಉಳಿಯಲ್ಲ.

ಬಣ್ಣವೂ ಹಾಗೇ. ಕ್ಯಾನಿ ಮ್ಯಾಪಲ್ಲಿ ಬಣ್ಣ ಅನ್ನೋದೇ ಇಲ್ಲ, ಬರೀ ಕಪ್ಪು ಬಿಳುಪು. ಮುಚ್ಚಳ ಕೆಂಪೋ ಹಳದಿಯೋ ಅಂತ ಊಹೆ. ಬಾಟಲಿಯೊಳಗಿನ ಅಪ್ಪೆಮಿಡಿ ಗೋಲಿ ಗಾತ್ರದ ಆಲಿವ್ ಆಗಬಹುದು, ರಸದ ಬಣ್ಣ ಟೊಮೆಟೊ ಸಾಸ್ ಆಗಬಹುದು. ಆಕಾರ ಮಾತ್ರ ದೊಡ್ಡಮ್ಮನದು, ಒಳಗಿರೋ ಮಾಲು ಯಾರದೋ.

"ಯಾರು ಅಷ್ಟು ಝೂಮ್ ಮಾಡಿ ನೋಡ್ತಾರೆ ಮಗಾ" ಅಂತೀರಾ? ದುಡ್ಡು ಕೊಡೋರು ನೋಡ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವನ್ನ ತಪ್ಪಾಗಿ ಬಣ್ಣಿಸೋದು ದಾರಿ ತಪ್ಪಿಸುವ ಜಾಹೀರಾತು. ಅಂಥದ್ದಕ್ಕೆ ಕೇಂದ್ರದ ಪ್ರಾಧಿಕಾರ 10 ಲಕ್ಷದವರೆಗೂ ದಂಡ ಹಾಕಬಹುದು. ಬಿಕಾಂ ಓದ್ತಿರೋ ನಮಗೆ ಇದು ಗೊತ್ತಿರಬೇಕು. ದಂಡ ಬಿಡಿ, ಮನೆಯಿಂದ ಮಾರೋರ ಹತ್ತಿರ ಇರೋ ಬಂಡವಾಳ ನಂಬಿಕೆ ಒಂದೇ. ಫೋಟೋ ಕಳಿಸಿದ್ದು ನೀವು, ಪಾರ್ಸಲ್ ಬಿಚ್ಚಿದಾಗ ಬೈಸ್ಕೊಳ್ಳೋದು ದೊಡ್ಡಮ್ಮ.

6/6
ಹಾಗಾದ್ರೆ ಎಡ್ಜ್ ಮ್ಯಾಪ್ ಬಿಟ್ಟುಬಿಡೋದಾ? ಬೇಡ. ಅದರ ನಿಜವಾದ ಕೆಲಸ ಬೇರೆ. ಮಾಡೆಲ್ ಬಿಡಿಸಿದ ಬಾಟಲಿಯನ್ನ ಡಮ್ಮಿ ಅಂತ ತಿಳ್ಕೊಳ್ಳಿ. ಅದನ್ನ ತೆಗೆದು, ಅದೇ ಜಾಗದಲ್ಲಿ ನಿಮ್ಮ ಅಸಲಿ ಫೋಟೋದ ಬಾಟಲಿಯನ್ನ ಕತ್ತರಿಸಿ ಕೂರಿಸಿ.

"ಕೊನೆಗೆ ಅಸಲಿ ಫೋಟೋನೇ ಅಂಟಿಸೋದಾದ್ರೆ ಮ್ಯಾಪ್ ಯಾಕೆ ಬೇಕಿತ್ತು?" ಒಳ್ಳೆ ಪ್ರಶ್ನೆ. ಖಾಲಿ ಜಗಲಿ ಬಿಡಿಸಿ ಅದರ ಮೇಲೆ ಬಾಟಲಿ ಅಂಟಿಸಿದ್ರೆ ಮದುವೆ ಆಲ್ಬಮಲ್ಲಿ ಸ್ವಿಟ್ಜರ್ಲೆಂಡ್ ಹಿನ್ನೆಲೆ ಹಾಕಿದ ಹಾಗಿರುತ್ತೆ. ನೆರಳಿಲ್ಲ, ಬೆಂಚಿನ ಮೇಲೆ ತಳ ಕೂತಿರೋ ಗುರುತಿಲ್ಲ. ಅದೇ ಗೆರೆಯಲ್ಲಿ ಡಮ್ಮಿ ಇದ್ದಿದ್ರೆ ಅದಕ್ಕೆ ತಕ್ಕ ನೆರಳು, ಒದ್ದೆ ಬೆಂಚಿನ ಮೇಲಿನ ಪ್ರತಿಬಿಂಬ ಎಲ್ಲಾ ಆಗಲೇ ಬಿದ್ದಿರುತ್ತೆ. ಅಸಲಿ ಬಾಟಲಿ ಬಂದು ಅಚ್ಚಿನಲ್ಲಿ ಕೂತ ಹಾಗೆ ಕೂರುತ್ತೆ. ಪ್ರಾಂಪ್ಟಲ್ಲಿ "ಬೆಳಕು ಎಡದಿಂದ" ಅಂತ ಬರೆದಿದ್ದೂ ಇದಕ್ಕೇ, ಅಸಲಿ ಫೋಟೋದ ಬೆಳಕಿಗೂ ಸೀನಿನ ಬೆಳಕಿಗೂ ಹೊಂದಾಣಿಕೆ ಆಗಲಿ ಅಂತ.

ಸರಿಯಾಗಿ ಕೂತಿದ್ಯಾ ಅಂತ ಪರೀಕ್ಷೆ ಮಾಡೋದು ಸುಲಭ. ಅಂಟಿಸೋ ಮೊದಲು ಎರಡೂ ಚಿತ್ರ ಲೇಯರ್ ಮಾಡಿ, ಮೇಲಿನದ್ದನ್ನ 50% ಪಾರದರ್ಶಕ ಮಾಡಿ. ಮುಚ್ಚಳದ ಅಂಚು, ಭುಜ, ತಳ, ಈ ಮೂರು ಕಡೆ ಎರಡೆರಡು ಗೆರೆ ಕಂಡ್ರೆ ಲಾಕ್ ಜಾರಿದೆ, end_percent ಹೆಚ್ಚಿಸಿ ಮತ್ತೆ ಮಾಡಿ. ಒಂದೇ ಗೆರೆ ಕಂಡ್ರೆ ಅಂಟಿಸಿ, ಕತ್ತರಿಸಿದ ಅಂಚನ್ನ ಒಂದೆರಡು ಪಿಕ್ಸೆಲ್ ಒಳಗೆ ಎಳೆಯಿರಿ, ಬಿಳಿ ಚಾರ್ಟಿನ ಅಂಚು ಹೋಗುತ್ತೆ.

ಇದಕ್ಕೂ ಮಿತಿ ಇದೆ. ಖಾಲಿ ಗಾಜಿನ ಲೋಟ, ಪಳಪಳ ಹೊಳೆಯೋ ಸ್ಟೀಲ್ ಪಾತ್ರೆಗೆ ಇದು ಒಗ್ಗಲ್ಲ. ಅವುಗಳ ಮೈಮೇಲೆ ನಿಮ್ಮ ಹಳೇ ರೂಮೇ ಕಾಣ್ತಿರುತ್ತೆ, ಜಗಲಿಗೆ ತಂದ್ರೂ ರೂಮೂ ಜೊತೆಗೇ ಬರುತ್ತೆ. ಅಂಥದ್ದಕ್ಕೆ ಬೆಂಚು ಹೊತ್ಕೊಂಡು ಜಗಲಿಗೇ ಹೋಗಿ ಫೋಟೋ ತೆಗೀರಿ.

ಹಿಂದಿನ ಮಳೆ ಮಾಡೆಲ್‌ದು ಆಗಿರಲಿ, ಪರವಾಗಿಲ್ಲ. ಯಾರೂ ಮಳೆ ಆರ್ಡರ್ ಮಾಡ್ತಿಲ್ಲ. ಬಾಟಲಿ ಮಾತ್ರ ಬಾಟಲಿಯೇ ಆಗಿರಬೇಕು. ಕ್ಲೈಂಟಿಗೆ ಫೈಲ್ ಕಳಿಸೋ ಮೊದಲು ಲೇಬಲ್ ಜೋರಾಗಿ ಓದಿ. ಓದಕ್ಕಾಗ್ಲಿಲ್ವಾ, ಕಳಿಸಬೇಡಿ.

ಫೋಟೋ ಮಾಡಿ ಕೊಡೋ ಫ್ರೆಂಡ್‌ನ ಟ್ಯಾಗ್ ಮಾಡಿ. ಬೈದ್ರೆ ನನ್ನ ಹೆಸರು ಹೇಳಿ.

#ಗೆರೆಯೇ_ಪ್ರಾಡಕ್ಟ್_ಅಲ್ಲ #ಲೇಬಲ್_ಓದಿ