ಬಾಣಂತನಕ್ಕೆ ರಜೆ ಕೇಳುವ ಮುನ್ನ

ಮಗಳ ಬಾಣಂತನಕ್ಕೆ ಆರು ವಾರ ರಜೆ ಬೇಕೇ? ಕಾನೂನಿನ ಹೆರಿಗೆ ರಜೆ ಹೆತ್ತವಳಿಗೆ, ಅವಳ ಅಮ್ಮನಿಗಲ್ಲ. ಮ್ಯಾನೇಜರ್ ಮನಸ್ಸು ಮಾಡಬೇಕು ಅಷ್ಟೆ. ಅದರಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಡಿಕೆ ಕೊಯ್ಲಿನಲ್ಲಿ ಬದಲಿ ಜನ ಸಿಗೋದು ಕಷ್ಟ!

ನೀವು ಕೊಪ್ಪದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು ಅಂದುಕೊಳ್ಳಿ. ನನ್ನ ಕೇಳಿದರೆ, ಅರ್ಜಿಯಲ್ಲಿ ಮನೆಯ ಕಥೆ ಒಂದೇ ಸಾಲು ಸಾಕು. ‘ಡಿಸೆಂಬರ್ 1ರಿಂದ ಜನವರಿ 11ರವರೆಗೆ, 42 ದಿನ’ ಎಂದು ಬರೆಯಿರಿ. ಬಿಲ್ಲು ಯಾರು ಬರೆಯುತ್ತಾರೆ, ಬೀರುವಿನ ಕೀಲಿಕೈ ಯಾರ ಬಳಿ, ಯಾರಿಂದ ಎಷ್ಟು ಬಾಕಿ ಬರಬೇಕು ಅನ್ನೋದೇ ಮುಖ್ಯ. ಬದಲಿಯವರನ್ನು ಮೊದಲೇ ಕೇಳಿ ಒಪ್ಪಿಸಿ. ಹೆರಿಗೆ ಮುಂಚೆಯೇ ಆಗಿಬಿಟ್ಟರೆ? ಅದಕ್ಕೇ ನವೆಂಬರ್ 20ರಿಂದಲೇ ಅವರಿಗೆ ಕೆಲಸ ತೋರಿಸಿಕೊಡಿ. ಹೊರಡುವ ದಿನ ನಗದು ಎಣಿಸಿ, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿ. ಇಲ್ಲದಿದ್ದರೆ ವಾಪಸ್ ಬಂದಾಗ ಕಡಿಮೆ ಬಿದ್ದ ದುಡ್ಡಿಗೆ ನೀವೇ ಉತ್ತರ ಹೇಳಬೇಕಾಗುತ್ತೆ.